‘ಇಂಟರ್ನೆಟ್ ಬರುತ್ತಿಲ್ಲ’ ಎಂಬ ಒಂದೇ ಸಾಲಿನ ದೂರು

ನೆಟ್‌ವರ್ಕ್ ದುರಸ್ತಿ ಮಾಡುವ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇಷ್ಟೇ ಇರುತ್ತವೆ: ‘ಇಂಟರ್ನೆಟ್ ಬರುತ್ತಿಲ್ಲ, ಸ್ವಲ್ಪ ನೋಡಿ.’ ಯಾವ ಸಾಧನ, ಯಾವ ರೌಟರ್, ಪರದೆಯ ಮೇಲೆ ಏನು ಕಾಣುತ್ತಿದೆ, ಎಂದಿನಿಂದ ಹೀಗಾಗಿದೆ ಎಂಬ ಯಾವ ವಿವರವೂ ಇರುವುದಿಲ್ಲ. ಅವೆಲ್ಲವನ್ನೂ ಒಟ್ಟಿಗೆ ಕೇಳಿದರೆ ಜನ ಗಾಬರಿಯಾಗುತ್ತಾರೆ. ಆದ್ದರಿಂದ ಉತ್ತರ ಬಂದೊಡನೆ ಅರ್ಧದಷ್ಟು ಸಾಧ್ಯತೆಗಳು ಬಿದ್ದುಹೋಗುವಂತಹ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ.

ಇತ್ತೀಚೆಗೆ ಹೀಗೆ ಕರೆ ಮಾಡಿದವರನ್ನು, ಅದೇ ವೈಫೈಯಲ್ಲಿ ಬೇರೆ ಸಾಧನ ಕೆಲಸ ಮಾಡುತ್ತಿದೆಯೇ ಎಂದು ಕೇಳಿದೆ. ‘ಮೊಬೈಲ್‌ನಲ್ಲಿ ಬರುತ್ತಿದೆ ಸಾರ್, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಲ್ಲ’ ಎಂದರು. ಈ ಉತ್ತರವನ್ನು ನಾನು ಹಾಗೆಯೇ ನಂಬುವುದಿಲ್ಲ. ವೈಫೈಯಲ್ಲಿ ಇಂಟರ್ನೆಟ್ ಸಿಗದಿದ್ದಾಗ ಮೊಬೈಲ್ ಸದ್ದಿಲ್ಲದೆ ಸಿಮ್‌ನ ಡೇಟಾಗೆ ಹೊರಳುವುದುಂಟು. ಮೊಬೈಲ್ ಡೇಟಾ ಆಫ್ ಮಾಡಿಸಿ, ಹಿಂದೆ ತೆರೆಯದ ಪುಟವೊಂದನ್ನು ತೆರೆಯಿಸಿದೆ. ಅದು ತೆರೆದುಕೊಂಡಿತು. ಅಲ್ಲಿಗೆ ಹೊರಗಿನ ಸಂಪರ್ಕವೂ ರೌಟರೂ ಸರಿಯಿವೆ ಎಂದಾಯಿತು.

ಮುಂದೆ ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೂರು ಸಾಲು ಬರೆಯಿಸಿದೆ.

```
ipconfig /all
ping 8.8.8.8
nslookup wikipedia.org
```

ಮೊದಲನೆಯದರಲ್ಲಿ ವಿಳಾಸ 169.254 ಎಂದು ಆರಂಭವಾಗಿದ್ದರೆ, ರೌಟರ್‌ನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಇಲ್ಲಿ ಅದು 192.168 ಎಂದಿದ್ದುದರಿಂದ ಆ ಶಂಕೆ ನಿವಾರಣೆಯಾಯಿತು. ಇಂಟರ್ನೆಟ್‌ನಲ್ಲಿರುವ ಸರ್ವರ್ ತಲುಪಬಹುದೇ ಎಂದು ಪರೀಕ್ಷಿಸುವ ಪಿಂಗ್‌ಗೂ ಉತ್ತರ ಬಂತು. (ಬಾರದೇ ಇದ್ದಿದ್ದರೆ ಅದೊಂದರಿಂದಲೇ ಏನನ್ನೂ ತೀರ್ಮಾನಿಸುವಂತಿರಲಿಲ್ಲ, ಏಕೆಂದರೆ ಕೆಲವು ನೆಟ್‌ವರ್ಕ್‌ಗಳು ಪಿಂಗ್ ಅನ್ನೇ ತಡೆದಿರುತ್ತವೆ.) ಮೂರನೆಯ ಸಾಲಿಗೆ ಮಾತ್ರ `DNS request timed out` ಎಂಬ ಉತ್ತರ ಬಂತು. ಅಂದರೆ ಲ್ಯಾಪ್‌ಟಾಪ್‌ನಿಂದ ಇಂಟರ್ನೆಟ್‌ವರೆಗೆ ದಾರಿ ಇದೆ, ಆದರೆ ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಸರ್ವರ್ ಉತ್ತರಿಸುತ್ತಿಲ್ಲ. ಬಳಸುವವರ ಕಣ್ಣಿಗೆ ಇದು ಇಂಟರ್ನೆಟ್ ಪೂರ್ತಿ ನಿಂತಂತೆಯೇ ಕಾಣುತ್ತದೆ.

ಮೊದಲ ಆಜ್ಞೆಯ ಉತ್ತರದಲ್ಲೇ `DNS Servers` ಎಂಬ ಸಾಲನ್ನು ಓದಿಸಿದಾಗ ಕಾರಣ ತಿಳಿಯಿತು. ಅಲ್ಲಿದ್ದದ್ದು 10 ಎಂದು ಆರಂಭವಾಗುವ ವಿಳಾಸ. ಅದನ್ನು ಕಚೇರಿಯಲ್ಲಿ ಯಾರೋ ಕೈಯಾರೆ ತುಂಬಿಸಿದ್ದರು, ಆ ಸರ್ವರ್ ಇದ್ದದ್ದು ಕಚೇರಿಯ ಒಳಜಾಲದಲ್ಲಿ. ಮನೆಯ ವೈಫೈಯಿಂದ ಅದು ಕೈಗೆಟಕುವುದೇ ಇಲ್ಲ. ರೌಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಾಗುತ್ತಿರಲಿಲ್ಲ, ಆದರೂ ಅವರು ಮಾಡುತ್ತಲೇ ಇದ್ದರಂತೆ.

ವೈಫೈ ಸೆಟ್ಟಿಂಗ್ಸ್‌ನಲ್ಲಿ `DNS server assignment` ಎಂಬುದನ್ನು `Automatic (DHCP)` ಎಂದು ಬದಲಿಸಿ, ಲ್ಯಾಪ್‌ಟಾಪ್ ನೆನಪಿಟ್ಟುಕೊಂಡ ಹಳೆಯ ಡಿಎನ್‌ಎಸ್ ಉತ್ತರಗಳನ್ನು ಅಳಿಸಲು `ipconfig /flushdns` ಕೊಡಿಸಿದ ಮೇಲೆ ಪುಟಗಳು ತೆರೆಯತೊಡಗಿದವು. ಕಚೇರಿಗೆ ಹೋದಾಗ ಮತ್ತೆ ತೊಂದರೆಯಾಗುವುದೇ ಎಂದು ಕೇಳಿದರು. ಅಲ್ಲಿನ ನೆಟ್‌ವರ್ಕ್ ತನ್ನ ಡಿಎನ್‌ಎಸ್ ವಿಳಾಸವನ್ನು ತಾನೇ ಹಂಚುತ್ತಿದ್ದರೆ ಏನೂ ಆಗದು. ಹಂಚದಿದ್ದರೆ ಒಳಜಾಲದ ತಾಣಗಳು ಮಾತ್ರ ತೆರೆಯದೇ ಇರಬಹುದು, ಆಗ ಆ ಹಳೆಯ ವಿಳಾಸವನ್ನು ಕಚೇರಿಯ ವೈಫೈಗೆ ಮಾತ್ರ ಅನ್ವಯವಾಗುವಂತೆ ತುಂಬಿಸಿಕೊಡಲು ಅಲ್ಲಿನ ತಾಂತ್ರಿಕ ಸಿಬ್ಬಂದಿಗೆ ಹೇಳಿ ಎಂದು ತಿಳಿಸಿದೆ.