ಹೊಲಿಗೆಯಲ್ಲಿ ಸೋರಿದ ಜಾಕೆಟ್: ಹಣ ವಾಪಸ್ ತರಿಸಿದ ಪತ್ರ

ವಾಟರ್‌ಪ್ರೂಫ್ ಎಂದು ಆನ್‌ಲೈನ್‌ನಲ್ಲಿ ಕೊಂಡ ಜಾಕೆಟ್ ಭುಜದ ಹತ್ತಿರ ಸೋರುತ್ತಿತ್ತು. ದೂರು ಕೊಟ್ಟರೆ, "ಅದು ನಿಮ್ಮ ಬೆವರು ಇರಬೇಕು" ಎಂದು ಮಾರಾಟಗಾರರು ಉತ್ತರಿಸಿದರು. ನಿಜಕ್ಕೂ ಸಿಟ್ಟು ಬಂತು. ಆದರೆ ಸುಮ್ನೆ ಜಗಳವಾಡಿದರೆ ಹಣ ಬರಲ್ಲ, ಅಲ್ವಾ?

ಬೆವರಾದರೆ ಬೆನ್ನು, ಕಂಕುಳು ಎಲ್ಲ ಕಡೆ ತೇವ ಹರಡಿರುತ್ತದೆ. ಹೊಲಿಗೆ ಸೋರಿದರೆ ಗೆರೆ ಎಳೆದ ಹಾಗೆ ಒದ್ದೆಯಾಗುತ್ತದೆ. ಪೂರ್ತಿ ಒಣಗಿದ ಜಾಕೆಟ್ಟನ್ನು ಮೇಜಿನ ಮೇಲೆ ಹಾಸಿ, ಭುಜದ ಹೊಲಿಗೆಯ ಒಳಬದಿಗೆ ಟಿಶ್ಯೂ ಇಟ್ಟೆ. ಪಕ್ಕದ ಬರೀ ಬಟ್ಟೆಯ ಕೆಳಗೂ ಇನ್ನೊಂದು ಇಟ್ಟೆ. ಹೊರಗಿನಿಂದ ಎರಡೂ ಕಡೆ ನೀರು ಸುರಿದೆ. ಹೊಲಿಗೆಯ ಕೆಳಗಿನ ಟಿಶ್ಯೂ ಮೇಲೆ ಸಾಲಾಗಿ ಚುಕ್ಕಿಗಳು ಮೂಡಿದವು. ಇನ್ನೊಂದು ಒಣಗಿಯೇ ಇತ್ತು. ಸೂಜಿಯ ತೂತುಗಳನ್ನು ಮುಚ್ಚಲು ಒಳಗೆ ಅಂಟಿಸುವ ಟೇಪ್ ಭುಜದಲ್ಲಿ ಇರಲೇ ಇಲ್ಲ.

ಎಲ್ಲದರ ಫೋಟೋ ತೆಗೆದು ಹೀಗೆ ಬರೆದೆ:

"ನಿಮ್ಮ ಪುಟದಲ್ಲಿ 'ಪೂರ್ತಿ ವಾಟರ್‌ಪ್ರೂಫ್' ಎಂದಿದೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಯಾರೂ ತೊಡದ ಜಾಕೆಟ್ ಮೇಲೆ ನೀರು ಸುರಿದಾಗ ಭುಜದ ಹೊಲಿಗೆ ಸೋರಿದೆ, ಆದ್ದರಿಂದ ಇದು ಬೆವರಲ್ಲ. ಹೊಲಿಗೆಗೆ ಟೇಪ್ ಇಲ್ಲ, ಫೋಟೋ ನೋಡಿ. ವಾಪಸ್ ಕಳಿಸುವ ಖರ್ಚು ನೀವೇ ಭರಿಸಿ, ಪೂರ್ತಿ ಹಣ ಹಿಂದಿರುಗಿಸಿ. 7 ದಿನದೊಳಗೆ ಉತ್ತರ ಬೇಕು."

ಆರ್ಡರ್ ನಂಬರ್ ಮೇಲ್ಗಡೆಯೇ ಹಾಕಿದ್ದೆ. ಬದಲಿ ಜಾಕೆಟ್ ಬೇಕೆಂದು ಬೇಕಂತಲೇ ಕೇಳಲಿಲ್ಲ. ಅದೇ ಮಾದರಿಯಲ್ಲಿ ಟೇಪ್ ಇಲ್ಲದಿದ್ದರೆ ಹೊಸದೂ ಸೋರುವ ಸಾಧ್ಯತೆಯೇ ಜಾಸ್ತಿ. ಹೊಲಿಗೆಗೆ ಸೀಲರ್ ಕೂಡ ಹಚ್ಚಲಿಲ್ಲ, ಹಚ್ಚಿದ್ದರೆ ಸಾಕ್ಷಿ ಮುಚ್ಚಿಹೋಗುತ್ತಿತ್ತು.

ಈ ಸಲ ಬೆವರಿನ ಮಾತು ಬರಲಿಲ್ಲ. ವಾಪಸ್ ಕಳಿಸಲು ಲೇಬಲ್ ಬಂತು, ಜಾಕೆಟ್ ಅವರಿಗೆ ತಲುಪಿದ ಮೇಲೆ ಪೂರ್ತಿ ಹಣವೂ ಬಂತು.