ಕೆಜಿ ದರ ಬಿಟ್ಟು ಒಗೆತದ ದರ ಹಿಡಿದೆ: ಬೋರಿನ ನೀರು, ಪುಡಿ ಮತ್ತು ಫರಸಿ

ಧಾರವಾಡದಲ್ಲಿ ಪಿಜಿ ಮತ್ತು ಅದಕ್ಕೆ ಹತ್ತಿಕೊಂಡೇ ಖಾನಾವಳಿ ಇಟ್ಟವರಿಗೆ ಒಗೆಯುವ ಪುಡಿಯ ಖರ್ಚು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಬೆಡ್‌ಶೀಟು, ದಿಂಬಿನ ಚೀಲ, ಅಡುಗೆಮನೆಯ ಒರೆಸುವ ಬಟ್ಟೆ, ಎಲ್ಲಾ ಸೇರಿ ತಿಂಗಳಿಗೆ ಒಂದು ಗೋಣಿಚೀಲ ಪುಡಿ ಸುಲಭವಾಗಿ ಹೋಗುತ್ತದೆ. ಈಗ ಅರ್ಧದಷ್ಟೇ ಪುಡಿಯಲ್ಲಿ ಮುಗಿಸುತ್ತಿದ್ದೇನೆ, ಅರಿವಿ ಮೊದಲಿಗಿಂತ ಮೆತ್ತಗಿವೆ. "ನೊರಿ ಬರಲಿಲ್ಲ ಅಂದ್ರ ಹೊಲಸ ಹ್ಯಾಂಗ ಹೋಗ್ತೈತ್ರಿ" ಅಂದವರೇ ಈಗ ತಮ್ಮ ಮನೆಗೂ ಇದೇ ಅಳತೆ ಕೇಳಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲದರ ಬುಡ ನೀರು. ಮಲಪ್ರಭಾ ನಳದ ನೀರಿಗೂ ನಮ್ಮ ಬೋರಿನ ನೀರಿಗೂ ಅಜಗಜಾಂತರ. ನಳ ಬಂದ ದಿನ ಒಗೆದ ಬಟ್ಟೆ ಬೇರೆ, ಬೋರಿನಲ್ಲಿ ಒಗೆದದ್ದು ಬೇರೆ. ಬೋರಿನ ನೀರಲ್ಲಿ ಪುಡಿಯ ಒಂದು ಪಾಲು ಕೊಳೆ ತೆಗೆಯುವುದಕ್ಕೆ ಮೊದಲೇ ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ಕೆಲಸ ಬಿಡುತ್ತದೆ. ನಾವು ನೊರೆ ಸಾಲದು ಅಂತ ಇನ್ನೊಂದು ಹಿಡಿ ಹಾಕುತ್ತೇವೆ. ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಈ ಗಡಸುತನ ಎಷ್ಟು ಅಂತ ನೋಡಲು ಟಿಡಿಎಸ್ ಮೀಟರ್ ಹಿಡಿದರೆ ದಾರಿ ತಪ್ಪಿಸುತ್ತದೆ, ಅದು ಗಡಸುತನವನ್ನಷ್ಟೇ ಅಳೆಯುವುದಿಲ್ಲ, ಕರಗಿದ ಎಲ್ಲ ಉಪ್ಪನ್ನೂ ಎಣಿಸುತ್ತದೆ. ಸಾಬೂನಿನ ಪರೀಕ್ಷೆಯೇ ಸಾಕು. ಸಾದಾ ಸಾಬೂನು ಒಂದು ಗ್ರಾಂ ತುರಿದು ನೂರು ಎಂಎಲ್ ಬಿಸಿ ಮಳೆನೀರಲ್ಲೋ ಆರ್‌ಓ ನೀರಲ್ಲೋ ಕರಗಿಸಿಡಿ. ಇಲ್ಲಿ ಡಿಟರ್ಜೆಂಟ್ ಬಾರ್ ನಡೆಯುವುದಿಲ್ಲ. ಬಾಟಲಿಯಲ್ಲಿ ಐವತ್ತು ಎಂಎಲ್ ನೀರು ತೆಗೆದುಕೊಂಡು ಈ ಸಾಬೂನು ನೀರನ್ನು ಸಿರಿಂಜಿನಿಂದ ಒಂದೊಂದೇ ಎಂಎಲ್ ಹಾಕುತ್ತ ಅಲುಗಾಡಿಸಿ. ನೊರೆ ಕೆಲವು ನಿಮಿಷ ನಿಂತರೆ ಅಲ್ಲಿಗೆ ಲೆಕ್ಕ. ಮಳೆನೀರು ಒಂದು ಎಂಎಲ್‌ಗೇ ನೊರೆ ಹಿಡಿಯುತ್ತದೆ. ನಮ್ಮಲ್ಲಿ ನಳದ್ದು ನಾಲ್ಕರ ಆಸುಪಾಸು, ಬೋರಿನದ್ದು ಹದಿನೈದು ದಾಟಿತು. ಹದಿನೈದು ಅಂದರೆ ಲೀಟರಿಗೆ ಸುಮಾರು 500 ಮಿಲಿಗ್ರಾಂ ಗಡಸುತನ.

ಮೊದಲು ಸೋತದ್ದು ಸೋಡಾದಲ್ಲಿ. ವಾಷಿಂಗ್ ಸೋಡಾ ಅಗ್ಗ, ಗಡಸನ್ನು ಮುರಿಯುತ್ತದೆ ಅಂತ ಬೋರಿನ ನೀರು ತುಂಬಿದ ಮಷೀನಿಗೇ ಪುಡಿ ಜೊತೆ ಹಾಕಿದರೆ ಮುರಿಯುವುದೇನೋ ಹೌದು, ಆದರೆ ಮುರಿದು ಬಿದ್ದ ಸುಣ್ಣ ಬಟ್ಟೆಯ ಎಳೆಯ ಮೇಲೇ ಕೂರುತ್ತದೆ. ಒಂದು ತಿಂಗಳಲ್ಲಿ ಬಿಳಿ ಶೀಟು ಬೂದಿಬಣ್ಣ, ಒಣಗಿದ ಟವೆಲ್ಲು ಹಪ್ಪಳ. ಸೋಡಾದ್ದೇನೂ ದೋಷವಲ್ಲ, ಹಾಕಿದ ಜಾಗದ ದೋಷ. ಈಗ ಹಿಂದಿನ ರಾತ್ರಿಯೇ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಬೋರಿನ ನೀರು ತುಂಬಿ ನೂರು ಗ್ರಾಂ ಸೋಡಾವನ್ನು ಬಿಸಿನೀರಲ್ಲಿ ಕರಗಿಸಿ ಸುರಿದು ಚೆನ್ನಾಗಿ ತಿರುವಿ ಬಿಡುತ್ತೇವೆ. ಬೆಳಗ್ಗೆ ತಳದಲ್ಲಿ ಬಿಳಿ ಗಸಿ. ಡ್ರಮ್ಮಿನ ನಳ ತಳದಿಂದ ನಾಲ್ಕು ಬೆರಳು ಮೇಲಿರಬೇಕು, ಗಸಿ ಮಷೀನಿಗೆ ಹೋದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಈ ನೀರು ಸಾಬೂನು ಪರೀಕ್ಷೆಯಲ್ಲಿ ಆರೇಳಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಹೋಗುವುದಿಲ್ಲ, ಯಾಕಂದರೆ ಮೆಗ್ನೀಸಿಯಂ ಸೋಡಾಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಚಳಿಗಾಲದಲ್ಲಿ ಗಸಿ ಕೂರುವುದು ನಿಧಾನ, ಆಗ ಒಂದು ಬಕೆಟ್ ಬಿಸಿನೀರು ಸೇರಿಸಿ.

ಇನ್ನು ಪುಡಿ. ಹೆಚ್ಚಿನ ಪ್ಯಾಕೆಟ್ ಮೇಲೆ ಸತ್ವ ಶೇಕಡಾ ಎಷ್ಟು ಅಂತ ಬರೆದಿರುವುದಿಲ್ಲ. ಸತ್ವ ಅಂದರೆ ಕೊಳೆ ಬಿಡಿಸುವ ಅಂಶ, ನಮ್ಮ ಪುಡಿಗಳಲ್ಲಿ ಬಹುಪಾಲು ಆಸಿಡ್ ಸ್ಲರಿ ಅನ್ನುವ ಕಚ್ಚಾ ದ್ರವದಿಂದ ಮಾಡಿದ ಎಲ್‌ಎಎಸ್. ಉಳಿದದ್ದು ಸೋಡಾ, ಸೋಡಿಯಂ ಸಲ್ಫೇಟ್, ಉಪ್ಪು, ಒಳ್ಳೆ ಪುಡಿಯಾದರೆ ಗಡಸನ್ನು ಹಿಡಿದಿಡುವ ಜಿಯೋಲೈಟ್ ಮತ್ತು ಕಲೆ ಒಡೆಯುವ ಕಿಣ್ವ. ಎಲ್‌ಎಎಸ್ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಉಪ್ಪು-ಸೋಡಾ ಕರಗುವುದಿಲ್ಲ. ಅದನ್ನೇ ಹಿಡಿದೆ. ಬಿಸಿಲಲ್ಲಿ ಒಣಗಿಸಿದ ಪುಡಿ ಹತ್ತು ಗ್ರಾಂ, ಕೆಮಿಕಲ್ ಅಂಗಡಿಯಲ್ಲಿ ಸಿಗುವ ಶೇ. 99ರ ಐಪಿಎ ಅನ್ನುವ ಸ್ಪಿರಿಟ್ಟು ನೂರು ಎಂಎಲ್, ಎರಡನ್ನೂ ಗಾಜಿನ ಬಾಟಲಿಯಲ್ಲಿ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಒಲೆ ಆರಿಸಿ, ಕಿಟಕಿ ತೆರೆದು, ಮುಚ್ಚಳ ಸಡಿಲವಾಗಿಟ್ಟುಕೊಂಡು ಮಾಡುವ ಕೆಲಸ, ಈ ಆವಿಗೆ ಬೆಂಕಿ ತಾಗಿದರೆ ಭಗ್ ಅನ್ನುತ್ತದೆ. ಬೆಚ್ಚಗಿರುವಾಗಲೇ ಕಲಕಿ, ಮೊದಲೇ ತೂಕ ಮಾಡಿಟ್ಟ ಫಿಲ್ಟರ್ ಕಾಗದದಲ್ಲಿ ಸೋಸಿ, ಇನ್ನೂ ಐವತ್ತು ಎಂಎಲ್ ಬೆಚ್ಚನೆಯ ಐಪಿಎಯಿಂದ ಗಸಿ ತೊಳೆದು, ಒಣಗಿಸಿ ತೂಗಬೇಕು. ಹತ್ತರಲ್ಲಿ ಎಷ್ಟು ಕಡಿಮೆಯಾಯಿತೋ ಅದು ಹೆಚ್ಚುಕಡಿಮೆ ಸತ್ವ. ಕೈ ತೊಳೆಯುವ ಶೇ. 70ರ ಸ್ಯಾನಿಟೈಸರ್‌ನಲ್ಲಿ ಮಾಡಿದರೆ ಅದರೊಳಗಿನ ನೀರಿಗೆ ಉಪ್ಪೂ ಕರಗಿ, ಕಳಪೆ ಪುಡಿಯೂ ಬಂಗಾರದಂತೆ ಕಾಣುತ್ತದೆ. ದ್ರವ ಡಿಟರ್ಜೆಂಟಿಗೆ ಈ ಪರೀಕ್ಷೆ ಇಲ್ಲ.

ಎರಡು ಪುಡಿ ಹೋಲಿಸಿದ್ದು ನೆನಪಿನಿಂದ ಹೇಳುತ್ತೇನೆ. ಚೀಲದಲ್ಲಿ ಬಿಡಿಯಾಗಿ ಸಿಗುವುದು ಕೆಜಿಗೆ 65 ರೂಪಾಯಿ, ಸತ್ವ ಶೇಕಡಾ ಎಂಟರ ಹತ್ತಿರ. ಕಿಣ್ವ, ಜಿಯೋಲೈಟ್ ಇದ್ದ ಪ್ಯಾಕೆಟ್ಟು ಕೆಜಿಗೆ 150, ಸತ್ವ ಶೇಕಡಾ ಹದಿನೇಳರ ಹತ್ತಿರ. ಸತ್ವದ ಗ್ರಾಂ ಲೆಕ್ಕಕ್ಕೆ ಎರಡರ ದರವೂ ಹತ್ತಿರಹತ್ತಿರ, ಎಂಬತ್ತು-ತೊಂಬತ್ತು ಪೈಸೆ. ಅಂದರೆ ಅಗ್ಗದ ಚೀಲದಲ್ಲಿ ಅಗ್ಗವಾಗಿ ಸಿಗುವುದು ಉಪ್ಪು, ಸತ್ವವಲ್ಲ.

ಒಂದು ಮಷೀನ್ ಶೀಟಿಗೆ ಸೋಡಾ ಹಾಕದ ಬೋರಿನ ನೀರಲ್ಲಿ ಬಿಡಿ ಪುಡಿ 120 ಗ್ರಾಂ ಬೇಕಾಗುತ್ತಿತ್ತು, ಏಳೂಮುಕ್ಕಾಲು ರೂಪಾಯಿ. ಪ್ಯಾಕೆಟ್ ಪುಡಿ ಅದೇ ನೀರಲ್ಲಿ 80 ಗ್ರಾಂ, ಹನ್ನೆರಡು ರೂಪಾಯಿ. ಇಲ್ಲಿಗೆ ನಿಲ್ಲಿಸಿದವರು ಬಿಡಿ ಪುಡಿಯನ್ನೇ ತರುತ್ತಾರೆ. ಮೆದು ಮಾಡಿದ ನೀರಲ್ಲಿ ಪ್ಯಾಕೆಟ್ ಪುಡಿ 40 ಗ್ರಾಂ ಸಾಕು: ಆರು ರೂಪಾಯಿ, ಜೊತೆಗೆ ಡ್ರಮ್ಮಿನ ಸೋಡಾ ಪಾಲಿಗೆ ಒಂದೂವರೆ, ಒಟ್ಟು ಏಳೂವರೆ. ನಳದ ನೀರಿನ ದಿನ ಬರೀ ಆರು. ಬಿಡಿ ಪುಡಿಯೂ ಮೆದು ನೀರಲ್ಲಿ ಎಂಬತ್ತು ಗ್ರಾಮಿಗೆ ಇಳಿಯುತ್ತದೆ, ಆರೂಮುಕ್ಕಾಲಿಗೆ ಮುಗಿಯುತ್ತದೆ, ನಿಜ. ಆದರೆ ಅದರ ಜಿಗುಟು ಹೋಗಲು ಒಂದು ಜಾಲಾಟ ಹೆಚ್ಚು, ಅಂದರೆ ನಲವತ್ತೈದು ಲೀಟರ್. ಟ್ಯಾಂಕರ್ ನೀರು ಲೀಟರಿಗೆ ಹತ್ತು-ಹನ್ನೆರಡು ಪೈಸೆ ಹಿಡಿದರೆ ಅಲ್ಲೇ ಐದು ರೂಪಾಯಿ ಹೋಯಿತು. ಪುಡಿಯ ಜಗಳದಲ್ಲಿ ಈ ಐದು ರೂಪಾಯಿ ಯಾರೂ ಬರೆದುಕೊಳ್ಳುವುದಿಲ್ಲ.

ಕಿಣ್ವಕ್ಕೆ ದುಡ್ಡು ಕೊಟ್ಟ ಮೇಲೆ ಅದಕ್ಕೆ ಸಮಯವನ್ನೂ ಕೊಡಬೇಕು. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸದೆ ತಿರುಗಿಸಿದರೆ ಅದು ಕೆಲಸ ಶುರು ಮಾಡುವ ಮೊದಲೇ ಗಟಾರ ಸೇರುತ್ತದೆ. ಕುದಿನೀರು ಸುರಿದರೆ, ಬ್ಲೀಚ್ ಜೊತೆ ಹಾಕಿದರೆ ಸಾಯುತ್ತದೆ. ಬೆವರು, ರಕ್ತ, ಸಾರು-ಪಲ್ಯದ ಕಲೆಗೆ ಕಿಣ್ವ ಬೇಕು, ಎರಿ ಮಣ್ಣಿನ ಕಲೆಗೆ ಅದು ಏನೂ ಮಾಡುವುದಿಲ್ಲ, ಅಲ್ಲಿ ಮೆದು ನೀರು ಮತ್ತು ಉಜ್ಜಾಟವೇ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ, ಉಣ್ಣೆಗೆ ಕಿಣ್ವದ ಪುಡಿ ಮುಟ್ಟಿಸಬೇಡಿ, ಪ್ರೋಟೀನ್ ಕರಗಿಸುವ ಕಿಣ್ವಕ್ಕೆ ರೇಷ್ಮೆಯೂ ಪ್ರೋಟೀನೇ. ಅದಕ್ಕೆ ಅಂಟವಾಳ ಪ್ರಯೋಗ ಮಾಡಿ ನೋಡಿದೆ. ರೇಷ್ಮೆಗೆ ಸೊಗಸು, ಬಣ್ಣ ಕದಲಲಿಲ್ಲ, ಖಾನಾವಳಿಯ ಒರೆಸುವ ಬಟ್ಟೆಗೆ ದಂಡ. ಆ ಎಣ್ಣೆ-ಅರಿಶಿನದ ಬಟ್ಟೆಗೆ ಪುಡಿಗಿಂತ ಮೊದಲು ನಾವು ಸವರುವುದು ಬೇರೆಯೇ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಉಳಿದ ಹಳದಿ ಬಿಸಿಲಿಗೆ ಹಾಕಿದರೆ ಹೋಗುತ್ತದೆ.

ಕಲೆ ಮಾಡುವ ಅರಿಶಿನವೇ ತುರಿಕೆಯ ಕಾರಣ ಹುಡುಕುವಾಗ ಒಂದು ಉಪಕಾರವನ್ನೂ ಮಾಡಿತು. ನಮ್ಮ ಪಿಜಿಯಲ್ಲಿ ತುರಿಕೆ ಬಂದ ಹುಡುಗರ ಗಾಯ ನೋಡಿದರೆ ಸೊಂಟದ ಇಲಾಸ್ಟಿಕ್, ಕಾಲರ್, ಕಂಕುಳು, ಅಂದರೆ ಬಟ್ಟೆ ಒತ್ತಿ ಬೆವರುವ ಕಡೆಯೇ. ಜಾಲಿಸಿ ಹೋಗದ ಪುಡಿ ಮತ್ತು ಕ್ಷಾರದ ಮೇಲೆ ನನ್ನ ಅನುಮಾನ. ಬಿಳಿ ಅರಿವೆಯ ಪಟ್ಟಿಯನ್ನು ಅರಿಶಿನದ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿಡಿ. ಕೊನೆಯ ಜಾಲಾಟದ ಬಟ್ಟೆಯ ಹೊಲಿಗೆ ಸೇರುವ ದಪ್ಪ ಜಾಗವನ್ನು ಅದರ ಮೇಲೆ ಹಿಂಡಿ. ಪಟ್ಟಿ ಕೆಂಪಾದರೆ ಕ್ಷಾರ ಉಳಿದಿದೆ. ಮೊದಲು ಸಾದಾ ನೀರನ್ನೂ ಹಾಕಿ ನೋಡಿ, ಕೆಲವು ಬೋರಿನ ನೀರೇ ಪಟ್ಟಿಯನ್ನು ಸ್ವಲ್ಪ ಕಿತ್ತಳೆ ಮಾಡುತ್ತದೆ, ಅದಕ್ಕಿಂತ ಕೆಂಪಾದರೆ ಮಾತ್ರ ಲೆಕ್ಕ. ಇಪ್ಪತ್ತು ಲೀಟರ್ ಕೊನೆ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿದ ಮೇಲೆ ನಮ್ಮಲ್ಲಿ ಪಟ್ಟಿ ಹಳದಿಯೇ ಉಳಿಯುತ್ತದೆ, ಟವೆಲ್ಲೂ ಮೆತ್ತಗಾಯಿತು. ಕಂಡೀಷನರ್ ಬಿಟ್ಟೆವು. ಅದರ ಪದರದಿಂದ ಟವೆಲ್ಲು ನೀರು ಹೀರುವುದು ಕಡಿಮೆ, ಜೊತೆಗೆ ಸುವಾಸನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಆದರೆ ಪಟ್ಟಿ ಹೇಳುವುದು ಕ್ಷಾರದ ಸುದ್ದಿ ಮಾತ್ರ. ಪಟ್ಟಿ ಹಳದಿ ಇದ್ದೂ ತುರಿಕೆ ನಿಲ್ಲದಿದ್ದರೆ ಸುವಾಸನೆ ಇಲ್ಲದ ಪುಡಿ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಬೇಕು. ಕೈಯಿಂದ ಒಗೆಯುವವರಿಗೆ ಕೈಗವಸು ಕೊಡಿಸಿ, ಪುಡಿಯನ್ನು ಮುಖಕ್ಕೆ ಹಾರುವಂತೆ ಸುರಿಯದಿರಲಿ.

ನೆಲದ ವಿಷಯ ಬೇಗ ಮುಗಿಯುತ್ತದೆ. ನಮ್ಮ ಕಡೆ ನೆಲ ಶಾಬಾದಿ ಫರಸಿ, ಅದು ಸುಣ್ಣಕಲ್ಲು. ಟಾಯ್ಲೆಟ್ ಆಸಿಡ್ ಬಿದ್ದರೆ ಬುರುಗು ಏಳುತ್ತದೆ, ಆ ಬುರುಗು ಕೊಳೆ ಹೋಗುವುದಲ್ಲ, ಕಲ್ಲೇ ಹೋಗುವುದು. ನಿಂಬೆ ಉಪ್ಪಿನ ಜಾಲಾಟದ ನೀರನ್ನೂ ಫರಸಿಗೆ ಚೆಲ್ಲಬೇಡಿ.

ಸುವಾಸನೆಯ ಬಣ್ಣದ ಫ್ಲೋರ್ ಕ್ಲೀನರ್ ಕೊಳ್ಳುವಾಗ ಬಾಟಲಿಯ ಹಿಂದೆ ರೋಗಾಣು ಕೊಲ್ಲುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಷ್ಟು ಅಂತ ಓದಿ. ಶೇ. 1.5 ಇದ್ದದ್ದನ್ನು ನಾಲ್ಕು ಲೀಟರಿಗೆ 30 ಎಂಎಲ್ ಹಾಕಿದರೆ ಬಕೆಟ್ಟಿನಲ್ಲಿ ಸುಮಾರು 110 ಪಿಪಿಎಂ, ಅಂದರೆ ಲೀಟರಿಗೆ 110 ಮಿಲಿಗ್ರಾಂ. ಅದರಿಂದ ನೆಲ ಒರೆಸಬಹುದು, ರೋಗಾಣು ಸತ್ತವು ಅಂತ ನಂಬಬಾರದು, ಅದರಲ್ಲೂ ಗಡಸು ನೀರಲ್ಲಿ. ದಿನಾ ಒರೆಸುವುದಕ್ಕೆ ಅಷ್ಟೂ ಬೇಕಿಲ್ಲ, ಹತ್ತು ಎಂಎಲ್ ಸಾಕು. ಲೀಟರಿಗೆ ಇನ್ನೂರು ರೂಪಾಯಿಯದಾದರೆ ಬಕೆಟ್ಟಿಗೆ ಎರಡು ರೂಪಾಯಿ. ಒಗೆದ ಪುಡಿ ನೀರನ್ನೇ ನೆಲಕ್ಕೆ ಬಳಸಿ, ಘಮಕ್ಕೆ ಅಂತ ಅದಕ್ಕೇ ಒಂದು ಮುಚ್ಚಳ ಕ್ಲೀನರ್ ಹಾಕುವವರು ಬಹಳ. ಪುಡಿಯ ಎಲ್‌ಎಎಸ್ ಮತ್ತು ಬೆಂಜಾಲ್ಕೋನಿಯಂ ಒಂದಕ್ಕೊಂದು ಕಚ್ಚಿಕೊಂಡು ಎರಡೂ ಕೆಲಸ ಬಿಡುತ್ತವೆ. ನೀರು ಹಾಲಿನಂತೆ ಮಸುಕಾದರೆ, ಒಣಗಿದ ನೆಲದಲ್ಲಿ ಪಾದದ ಗುರುತು ಅಂಟಂಟಾಗಿ ಮೂಡಿದರೆ ಅದೇ ಆಗಿದೆ ಅಂತ ತಿಳಿಯಿರಿ. ಪುಡಿ ನೀರು ಬಳಸುವುದಾದರೆ ಮೊದಲು ಅದು, ಆಮೇಲೆ ಸಾದಾ ನೀರು, ಬೇಕಾದರೆ ಕೊನೆಗೆ ಕ್ಲೀನರ್.

ಯಾರಾದರೂ ವಾಂತಿ ಮಾಡಿಕೊಂಡ ಜಾಗಕ್ಕೆ ಮಾತ್ರ ಬೇರೆ ವ್ಯವಸ್ಥೆ. ಮೊದಲು ಬಳಿದು ತೊಳೆದು, ಶೇ. 5ರ ಬ್ಲೀಚ್ ದ್ರವ 20 ಎಂಎಲ್ ಒಂದು ಲೀಟರ್ ನೀರಿಗೆ ಬೆರೆಸಿ ಸುರಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ಒರೆಸಬೇಕು. ಬ್ಲೀಚಿಗೆ ಆಸಿಡ್ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಬಚ್ಚಲಲ್ಲಿ ಉಸಿರೇ ಕಟ್ಟುತ್ತದೆ. ಅದಕ್ಕೆ ನಮ್ಮಲ್ಲಿ ಆ ಎರಡು ಬಾಟಲಿ ಬೇರೆ ಬೇರೆ ಕೋಣೆಯಲ್ಲಿವೆ, ಬ್ಲೀಚಿನ ಕೋಣೆಯ ಕೀಲಿ ಅಡುಗೆಯವರ ಹತ್ತಿರ ಇರುತ್ತದೆ.