ಎದೆ ತುಂಬಿದವರಿಗೆ ಪ್ರಿನ್ಸೆಸ್ ಕಟ್ ಬ್ಲೌಸ್: ಕಂಕುಳ ಹತ್ತಿರದ ಉಬ್ಬು ಹೋಗಿದ್ದು ಹೀಗೆ

ವೈನಿಯ ಖಣದ ಬ್ಲೌಸ್ ಮೂರು ಸಲ ಕೆಟ್ಟಿತ್ತು. ಕಂಕುಳ ಮುಂದೆ ಬಟ್ಟೆ ಜೋಳಿಗೆ ಹಾಗೆ ನಿಲ್ಲುತ್ತಿತ್ತು, ಕೆಳಗೆ ಮುಂಭಾಗ ಮೇಲಕ್ಕೆ ಎಳೆಯುತ್ತಿತ್ತು. ಸೈಡ್ ಬಿಚ್ಚಿ ಸಡಿಲ ಮಾಡಿದೆ, ಭುಜ ಇಳಿಸಿದೆ, ಡಾರ್ಟ್ ಜಾಸ್ತಿ ಹಿಡಿದೆ. ಉಬ್ಬು ಅಲ್ಲೇ ಇತ್ತು.

ತಪ್ಪು ಇದ್ದದ್ದು ಅಳತೆ ಹಂಚುವುದರಲ್ಲಿ. ತುಂಬು ಎದೆ 40 ಅಂತ ಎಲ್ಲಾ ಕಡೆ 40ರ ಕಾಲುಭಾಗ ಹಾಕಿದರೆ ಭುಜ, ಕಂಕುಳ, ಬೆನ್ನು ಎಲ್ಲಾ ದೊಡ್ಡದಾಗುತ್ತೆ, ಅಲ್ವಾ? ಕಂಕುಳ ಕೆಳಗೆ, ತುಂಬು ಎದೆಗಿಂತ ಮೇಲ್ಗಡೆ ಟೇಪ್ ಹಿಡಿದರೆ 36 ಬಂತು. ಭುಜ, ಕಂಕುಳ, ಬೆನ್ನು 36ರಿಂದಲೇ ಗೆರೆ ಹಾಕಿ. ಬೆನ್ನು 9, ಕಾಲು ಇಂಚು ಸಡಿಲ. ಉಳಿದ 4 ಇಂಚು ಪೂರ್ತಿ ಮುಂಭಾಗದ್ದು, ಹಾಗಾಗಿ ಒಂದೊಂದು ಮುಂಭಾಗ 11, ಮತ್ತೆ ಕಾಲು ಇಂಚು ಸಡಿಲ.

ಟಕ್ಸ್ ಪಾಯಿಂಟ್ ಅಂದಾಜಿನಲ್ಲಿ ಬೇಡ. ಬ್ರಾ ಹಾಕಿಕೊಂಡೇ ಅಳೆಯಿರಿ: ಭುಜದಿಂದ ಹತ್ತೂವರೆ, ಎರಡು ಪಾಯಿಂಟ್ ನಡುವೆ 8, ಅಂದರೆ ಮಧ್ಯದಿಂದ 4. ಪ್ರಿನ್ಸೆಸ್ ಗೆರೆ ಕಂಕುಳ ಅರ್ಧದಿಂದ ಈ ಪಾಯಿಂಟಿನ ಮೇಲೇ ಹಾದು ಹೋಗಬೇಕು.

ಮುಂಭಾಗ ಎದೆ ಮೇಲಿಂದ ಬೆನ್ನಿಗಿಂತ 1 ಇಂಚು ಉದ್ದ ಬಂತು. ಅದನ್ನು ಸೈಡಿನಲ್ಲಿ ಪಾಯಿಂಟಿನ ಕಡೆಗೆ ಡಾರ್ಟ್ ಆಗಿ ಬರೆಯಿರಿ. ಪೇಪರ್ ಎರಡು ಭಾಗ ಕತ್ತರಿಸಿದ ಮೇಲೆ ಸೈಡ್ ತುಂಡಿನ ಡಾರ್ಟ್ ಮಡಚಿ ಅಂಟಿಸಿ. ಅಂಚು ಹೊರಗೆ ಉಬ್ಬುತ್ತೆ, ಆ ಚೂಪನ್ನು ಸ್ವಲ್ಪ ದುಂಡಗೆ ಮಾಡಿ. ಕಂಕುಳ ಬಳಿ ಎರಡೂ ತುಂಡಿನಿಂದ ಕಾಲು ಕಾಲು ಇಂಚು ತೆಗೆದು ಪಾಯಿಂಟಿಗೆ ಸೊನ್ನೆ ಮಾಡಿ. ಜೋಳಿಗೆ ಹೋಗಿದ್ದು ಇದರಿಂದಲೇ.

ಖಣ ಹಿಗ್ಗುವುದಿಲ್ಲ, ಮೊದಲು ಹಳೆ ಕಾಟನ್‌ನಲ್ಲಿ ಹೊಲಿದು ನೋಡಿ.